ಸ್ಟೇಷನ್ ವೈಫೈ ನಂಬರ್ ಕೇಳಿದರೆ ಸರಿ, ಜಿಮೇಲ್ ಪಾಸ್‌ವರ್ಡ್ ಕೇಳಿದರೆ?

ಪ್ರಶ್ನೆ: ಸರ್, ನಾನು ಕೊಪ್ಪಳದಿಂದ ಬಳ್ಳಾರಿಗೆ ವಾರಕ್ಕೆ ನಾಲ್ಕು ದಿನ ಟ್ರೈನಿನಲ್ಲಿ ಓಡಾಡ್ತೀನಿ. ಸ್ಟೇಷನ್ ವೈಫೈಗೆ ನಂಬರ್, ಓಟಿಪಿ ಕೊಟ್ಟು ನೆಟ್ ಹಾಕ್ಕೊಳ್ತೀನಿ. ಮೊನ್ನೆ ಬಳ್ಳಾರಿಯ ಒಂದು ಕೆಫೆಯಲ್ಲಿ ವೈಫೈ ಹಾಕಿದಾಗ ಜಿಮೇಲ್ ಐಡಿ, ಪಾಸ್‌ವರ್ಡ್ ಕೇಳಿತು. ಮೊದಲ ಸಲ ತಪ್ಪು ಅಂತ ಬಂತು, ಎರಡನೇ ಸಲಕ್ಕೆ ನೆಟ್ ಬಂತು. ಅದೇ ನೆಟ್‌ನಲ್ಲಿ ಫೋನ್‌ಪೇ ಕೂಡ ಮಾಡಿದೆ. ಈಗ ಹೆದರಿಕೆ ಆಗ್ತಿದೆ. ಏನೇನು ಹೋಗಿರಬಹುದು?

ಉತ್ತರ: ಫೋನ್‌ಪೇ ಬಗ್ಗೆ ಹೆದರಬೇಡಿ. ಸ್ಟೇಷನ್ನಿನಲ್ಲಿ ಕೊಟ್ಟ ನಂಬರ್ ಬಗ್ಗೆಯೂ ಅಷ್ಟು ಚಿಂತೆ ಬೇಡ. ಆದರೆ ಆ ಜಿಮೇಲ್ ಪಾಸ್‌ವರ್ಡ್ ಹೋಗಿದೆ ಅಂತಲೇ ತಿಳಿದುಕೊಳ್ಳಿ. ಮುಂದಿನದನ್ನು ಓದುವ ಮೊದಲು ಹೋಗಿ ಅದನ್ನು ಬದಲಾಯಿಸಿ ಬನ್ನಿ, ನಾನು ಇಲ್ಲೇ ಇರ್ತೀನಿ. ಮನೆಯ ನೆಟ್ ಅಥವಾ ಸಿಮ್ಮಿನ ಡೇಟಾದಲ್ಲಿ ಮಾಡಿ, ಆ ಕೆಫೆಯಲ್ಲಿ ಕೂತು ಮಾಡಬೇಡಿ.

ಬರೀ ಪಾಸ್‌ವರ್ಡ್ ಬದಲಾಯಿಸಿದರೆ ಕೆಲಸ ಮುಗಿಯುವುದಿಲ್ಲ. ಪಾಸ್‌ವರ್ಡ್ ಸಿಕ್ಕವನು ಒಳಗೆ ಹೋಗಿ ಒಂದು ಹಿಂಬಾಗಿಲು ತೆರೆದಿಟ್ಟು ಹೊರಗೆ ಬರುತ್ತಾನೆ. ಅದಕ್ಕೇ ಇನ್ನೂ ಎರಡು ಕಡೆ ನೋಡಬೇಕು. myaccount.google.com ತೆರೆದು ಸೆಕ್ಯುರಿಟಿ ಭಾಗಕ್ಕೆ ಹೋದರೆ ನಿಮ್ಮ ಖಾತೆ ಯಾವ್ಯಾವ ಫೋನ್, ಕಂಪ್ಯೂಟರ್‌ನಲ್ಲಿ ತೆರೆದಿದೆ ಅಂತ ಪಟ್ಟಿ ಸಿಗುತ್ತದೆ. ನಿಮ್ಮದಲ್ಲದ್ದು ಕಂಡರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಅಲ್ಲೇ ಸೈನ್ ಔಟ್ ಮಾಡಿ. ಅದೇ ಜಾಗದಲ್ಲಿ ರಿಕವರಿ ಫೋನ್ ನಂಬರ್, ರಿಕವರಿ ಇಮೇಲ್ ನಿಮ್ಮದೇ ಇದೆಯಾ ನೋಡಿ. ಆಮೇಲೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ನೋಡಿ. ಮೊಬೈಲ್ ಆ್ಯಪ್‌ನಲ್ಲಿ ಇವು ಸಿಗುವುದಿಲ್ಲ, ಹಾಗಾಗಿ ಬಹಳ ಜನ ನೋಡುವುದೇ ಇಲ್ಲ. ನಿಮಗೆ ಬರುವ ಎಲ್ಲ ಮೇಲ್‌ನ ಒಂದು ಪ್ರತಿ ಗೊತ್ತಿಲ್ಲದ ವಿಳಾಸಕ್ಕೆ ಹೋಗುವ ಹಾಗೆ ಅಲ್ಲಿ ಯಾರೋ ಹಾಕಿಟ್ಟಿದ್ದರೆ, ನೀವು ಹತ್ತು ಸಲ ಪಾಸ್‌ವರ್ಡ್ ಬದಲಾಯಿಸಿದರೂ ಅದು ಹೋಗುತ್ತಲೇ ಇರುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್, ಬೇರೆ ಖಾತೆಗಳ ಪಾಸ್‌ವರ್ಡ್ ರೀಸೆಟ್ ಲಿಂಕ್, ಎಲ್ಲ.

ಅದೇ ಪಾಸ್‌ವರ್ಡನ್ನು ಫೇಸ್‌ಬುಕ್‌ಗೋ ರೈಲ್ವೆ ಟಿಕೆಟ್ ಖಾತೆಗೋ ಇಟ್ಟಿದ್ದೀರಾ? ಇಟ್ಟಿರ್ತೀರಿ, ನಮ್ಮಲ್ಲಿ ಎಲ್ಲರೂ ಇಡ್ತಾರೆ. ಅಲ್ಲೂ ಬದಲಾಯಿಸಿ.

ಆಯ್ತಾ? ಈಗ ಕೂತು ಮಾತಾಡೋಣ.

ನಾನು ರಾಯಚೂರಿನಲ್ಲಿ ಲಾಡ್ಜ್, ಮೆಸ್, ಒಂದೆರಡು ಕಲ್ಯಾಣ ಮಂಟಪಗಳಿಗೆ ವೈಫೈ ಹಾಕಿಕೊಡುವ ಕೆಲಸ ಮಾಡ್ತೀನಿ. ನೀವು ನೋಡಿದ ಆ ಲಾಗಿನ್ ಪುಟಗಳನ್ನು ನಾನೇ ಎಷ್ಟೋ ಕಡೆ ಮಾಡಿ ಹಾಕಿದ್ದೀನಿ. ಹಾಗಾಗಿ ಆ ಪುಟ ಎಲ್ಲಿಂದ ಬರುತ್ತದೆ, ಅದರ ಹಿಂದೆ ಕೂತವನಿಗೆ ಏನು ಕಾಣುತ್ತದೆ ಅನ್ನುವುದನ್ನು ಅಡುಗೆಮನೆ ಕಡೆಯಿಂದ ಹೇಳಬಲ್ಲೆ.

ಮೊದಲು ಆ ಪುಟ ತಾನಾಗೇ ಹೇಗೆ ಎದ್ದು ಬರುತ್ತದೆ ನೋಡಿ. ನಿಮ್ಮ ಆಂಡ್ರಾಯ್ಡ್ ಫೋನ್ ಯಾವುದೇ ವೈಫೈಗೆ ಸೇರಿದ ಕೂಡಲೇ ನಿಮಗೆ ಹೇಳದೆ ಗೂಗಲ್‌ನ ಒಂದು ಸಣ್ಣ ವಿಳಾಸವನ್ನು ಕೇಳುತ್ತದೆ:

```
http://connectivitycheck.gstatic.com/generate_204
```

ಇದಕ್ಕೆ 204 ಅನ್ನುವ ಖಾಲಿ ಉತ್ತರ ಬಂದರೆ ನೆಟ್ ಇದೆ ಅಂತ ಅರ್ಥ. ಐಫೋನ್ ಕೂಡ ಹೀಗೇ captive.apple.com ಅನ್ನು ಕೇಳುತ್ತದೆ. ಸ್ಟೇಷನ್ನಿನ ವೈಫೈ ಪೆಟ್ಟಿಗೆ ಈ ಪ್ರಶ್ನೆಯನ್ನು ಹೊರಗೆ ಬಿಡುವುದೇ ಇಲ್ಲ. ನಡುವೆ ತಡೆದು, 204ರ ಬದಲು "ಮೊದಲು ಈ ಪುಟಕ್ಕೆ ಹೋಗು" ಅಂತ ತನ್ನ ಉತ್ತರ ಕೊಡುತ್ತದೆ. ಬೇರೆ ಉತ್ತರ ಬಂತು ಅಂದ ಕೂಡಲೇ ಫೋನ್‌ಗೆ ಗೊತ್ತಾಗುತ್ತದೆ, ಇಲ್ಲಿ ಲಾಗಿನ್ ಇದೆ ಅಂತ. ಆಗ ಒಂದು ಪುಟ್ಟ ಕಿಟಕಿ ತೆರೆದು ಆ ಪುಟ ತೋರಿಸುತ್ತದೆ. ಈ ಲಾಗಿನ್ ಪುಟಕ್ಕೇ ಪೋರ್ಟಲ್ ಅನ್ನೋದು.

ಗಮನಿಸಿ, ಆ ವಿಳಾಸ http ಇಂದ ಶುರುವಾಗುತ್ತದೆ, https ಅಲ್ಲ. ಬೇಕೆಂದೇ ಹಾಗಿಟ್ಟಿದ್ದಾರೆ. https ಅಂದರೆ ಬೀಗ ಹಾಕಿದ ಸಂಪರ್ಕ, ಅದಾಗಿದ್ದರೆ ನಡುವಿನವರು ಅದಕ್ಕೆ ತಮ್ಮ ಉತ್ತರ ಸೇರಿಸಲು ಆಗುತ್ತಿರಲಿಲ್ಲ, ಪೋರ್ಟಲ್ ಎದ್ದು ಬರುತ್ತಲೇ ಇರಲಿಲ್ಲ. ಅಂದರೆ ಒಳ್ಳೆಯ ಪೋರ್ಟಲ್ಲೂ ನಡುವೆ ಕೂತು ಉತ್ತರ ಬದಲಾಯಿಸುವ ಕೆಲಸವನ್ನೇ ಮಾಡುತ್ತದೆ. ಕಳ್ಳ ಪೋರ್ಟಲ್ಲೂ ಅದನ್ನೇ ಮಾಡುತ್ತದೆ. ನಿಮ್ಮ ಫೋನ್‌ಗೆ ಇವೆರಡರ ನಡುವೆ ವ್ಯತ್ಯಾಸ ತಿಳಿಯುವ ದಾರಿ ಇಲ್ಲ. ಆ ಪುಟ ಏನು ಕೇಳ್ತಾ ಇದೆ ಅನ್ನುವುದನ್ನು ನೋಡಿ ನೀವೇ ತಿಳಿದುಕೊಳ್ಳಬೇಕು.

ನಂಬರ್ ಯಾಕೆ ಕೇಳ್ತಾರೆ ಅಂದರೆ ಅದಕ್ಕೊಂದು ಕಾರಣ ಇದೆ. 2008ರಲ್ಲಿ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಬಂದ ಬೆದರಿಕೆಯ ಇಮೇಲ್ ನವಿ ಮುಂಬೈಯ ಒಂದು ಮನೆಯ ಪಾಸ್‌ವರ್ಡ್ ಇಲ್ಲದ ವೈಫೈ ಮೂಲಕ ಹೋಗಿತ್ತು. ಆ ಮನೆಯವನಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. 2009ರಲ್ಲಿ ದೂರಸಂಪರ್ಕ ಇಲಾಖೆ ಒಂದು ಆದೇಶ ಹೊರಡಿಸಿತು, ಸಾರ್ವಜನಿಕ ವೈಫೈ ಬಳಸುವವರು ಯಾರು ಅಂತ ಗುರುತು ಇಟ್ಟುಕೊಳ್ಳಬೇಕು ಅಂತ. ಮೊಬೈಲ್ ನಂಬರ್, ಓಟಿಪಿ ಬಂದಿದ್ದು ಹೀಗೆ. ರೈಲ್ವೆಯದೇ ಆದ ರೈಲ್‌ಟೆಲ್ ಕಂಪನಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಗೂಗಲ್ ಜೊತೆ ಸೇರಿ ಸ್ಟೇಷನ್ ವೈಫೈ ಶುರು ಮಾಡಿತು. ಗೂಗಲ್ ಆಮೇಲೆ ಬಿಟ್ಟು ಹೋಯಿತು, ರೈಲ್‌ಟೆಲ್ ಮುಂದುವರಿಸಿಕೊಂಡು ಬಂತು. ಈಗ ದೇಶದಲ್ಲಿ 6,000ಕ್ಕೂ ಹೆಚ್ಚು ಸ್ಟೇಷನ್‌ಗಳಲ್ಲಿ ರೈಲ್‌ವೈರ್ ಅನ್ನುವ ಹೆಸರಿನಲ್ಲಿ ಇದೆ. ಅಲ್ಲಿ ಕೇಳುವುದು ನಂಬರ್, ಓಟಿಪಿ. ಜಾಸ್ತಿ ಹೊತ್ತು ಬೇಕಾದವರಿಗೆ ದುಡ್ಡಿನ ಪ್ಲಾನ್ ಇದೆ. ಇಮೇಲ್ ಪಾಸ್‌ವರ್ಡ್ ಕೇಳುವ ಮಾತೇ ಇಲ್ಲ.

ಈಗ ನಿಮ್ಮ ಕೆಫೆ. ಆ ಕೆಫೆಯವರೇ ಕಳ್ಳರು ಅಂತ ನಾನು ಹೇಳ್ತಾ ಇಲ್ಲ, ಅವರಿಗೆ ಗೊತ್ತೇ ಇಲ್ಲದಿರಬಹುದು. ಮೂರು ಸಾಧ್ಯತೆ ಇದೆ.

ಒಂದು, ಕೆಫೆಯವರ ಪೋರ್ಟಲ್ ನಿಜವಾದದ್ದು, ಆದರೆ ಅದನ್ನು ಹಾಕಿದವನು ಅರೆಬರೆ ತಿಳಿದವನು. "ಇಮೇಲ್, ಪಾಸ್‌ವರ್ಡ್" ಅಂತ ಎರಡು ಖಾನೆ ಇಟ್ಟ. ಅವನ ಮನಸ್ಸಿನಲ್ಲಿ ಇದ್ದದ್ದು ಈ ವೈಫೈಗೆ ಒಂದು ಹೊಸ ಪಾಸ್‌ವರ್ಡ್ ಮಾಡಿಕೊಳ್ಳಿ ಅಂತ. ನೀವು ಜಿಮೇಲ್‌ನದ್ದೇ ಹಾಕಿದಿರಿ. ಇಂಥದ್ದು ಬಹಳ ನಡೆಯುತ್ತದೆ. ಆಗಲೂ ನಿಮ್ಮ ಪಾಸ್‌ವರ್ಡ್ ಯಾವುದೋ ಕಪಾಟಿನ ಮೇಲಿನ ಧೂಳು ಹಿಡಿದ ಪೆಟ್ಟಿಗೆಯಲ್ಲಿ ಕೂತಿರುತ್ತದೆ, ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು.

ಎರಡು, ಪೋರ್ಟಲ್ಲನ್ನೇ ಯಾರೋ ತಿದ್ದಿದ್ದಾರೆ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದ್ದರೆ ಅದು ಕಷ್ಟದ ಕೆಲಸ ಅಲ್ಲ.

ಮೂರು, ನೀವು ಸೇರಿದ್ದು ಆ ಕೆಫೆಯ ವೈಫೈಗೆ ಅಲ್ಲವೇ ಅಲ್ಲ. ಪಕ್ಕದ ಟೇಬಲ್ಲಿನ ಬ್ಯಾಗಿನಲ್ಲಿದ್ದ ಇನ್ನೊಂದು ವೈಫೈಗೆ. ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಇದರ ಮೇಲೇ ಅನುಮಾನ ಜಾಸ್ತಿ.

ಇದನ್ನು ಅವಳಿ ವೈಫೈ ಅನ್ನೋಣ. ಹೆಸರು ಅದೇ, ಪೆಟ್ಟಿಗೆ ಬೇರೆ. ವೈಫೈಗೆ ಹೆಸರು ಇಡುವುದಕ್ಕೆ ಯಾರ ಅನುಮತಿಯೂ ಬೇಡ. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಈಗಲೇ ರೈಲ್‌ವೈರ್ ಅಂತ ಹೆಸರಿಟ್ಟರೆ ಅಕ್ಕಪಕ್ಕದವರ ಪಟ್ಟಿಯಲ್ಲಿ ಅದೇ ಹೆಸರು ಕಾಣುತ್ತದೆ. ಪಾಸ್‌ವರ್ಡ್ ಇಲ್ಲದ ವೈಫೈಯನ್ನು ಫೋನ್ ನೆನಪಿಟ್ಟುಕೊಳ್ಳುವುದೇ ಹೆಸರಿನಿಂದ, ಅದೇ ಹೆಸರು ಕಂಡಾಗ ಸಾಮಾನ್ಯವಾಗಿ ಜೋರಾದ ಸಿಗ್ನಲ್ ಇರುವ ಕಡೆಗೇ ಹೋಗುತ್ತದೆ. ಇದು ತಪ್ಪು ಅಂತಲೂ ಹೇಳಲಾಗದು, ಯಾಕೆಂದರೆ ಒಂದು ಪ್ಲಾಟ್‌ಫಾರ್ಮಿನಲ್ಲೇ ಒಂದೇ ಹೆಸರಿನ ನಾಲ್ಕಾರು ಪೆಟ್ಟಿಗೆ ಇರುತ್ತವೆ, ನೀವು ನಡೆದ ಹಾಗೆ ಫೋನ್ ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಒಮ್ಮೆ ನಾನು ವೈಫೈ ಹಾಕಿದ್ದ ಲಾಡ್ಜಿನ ಮಾಲೀಕರು ಬೆಳಗ್ಗೆ ಆರಕ್ಕೇ ಫೋನ್ ಮಾಡಿ, "ತಮ್ಮಾ, ನಮ್ಮ ಹೆಸರಿನ್ಯಾಗ ಇನ್ನೊಂದು ವೈಫೈ ಕಾಣಾಕತ್ತೈತಿ, ಯಾವನೋ ಕಳ್ಳ ಬಂದಾನ ನೋಡು" ಅಂದರು. ಓಡಿ ಹೋಗಿ ಮಹಡಿ ಮಹಡಿ ಹುಡುಕಿದರೆ, ಅವರ ಮಗನೇ ಮೂರನೇ ಮಹಡಿಗೆ ಸಿಗ್ನಲ್ ಸಿಗಲ್ಲ ಅಂತ ಒಂದು ರಿಪೀಟರ್ ತಂದು ಸಿಕ್ಕಿಸಿದ್ದ. ಹಾಗಾಗಿ ಒಂದೇ ಹೆಸರು ಎರಡು ಸಲ ಕಂಡರೆ ಗಾಬರಿ ಬೇಡ. ಆದರೆ ಒಂದೇ ಹೆಸರು ಕಂಡಿತು ಅಂತ ನಂಬಿಕೆಯೂ ಬೇಡ.

ಈ ಅವಳಿ ವೈಫೈ ಬರೀ ಪುಸ್ತಕದ ಮಾತಲ್ಲ. 2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಒಬ್ಬನ ಮೇಲೆ ಕೇಸು ಹಾಕಿದರು. ವಿಮಾನದಲ್ಲಿ ಅನುಮಾನದ ವೈಫೈ ಒಂದು ಕಾಣ್ತಿದೆ ಅಂತ ವಿಮಾನದ ಸಿಬ್ಬಂದಿಯೇ ದೂರು ಕೊಟ್ಟಿದ್ದರು. ಅವನ ಕೈಚೀಲದಲ್ಲಿ ಒಂದು ಪುಟ್ಟ ವೈಫೈ ಸಾಧನ, ಒಂದು ಲ್ಯಾಪ್‌ಟಾಪ್, ಒಂದು ಫೋನ್ ಸಿಕ್ಕವು. ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲೂ ಇದೇ ಕೆಲಸ ಮಾಡಿದ್ದ ಅಂತ ಪೊಲೀಸರು ಹೇಳಿದರು. ಅವನ ಪುಟ ಕೇಳುತ್ತಿದ್ದದ್ದು ಏನು ಗೊತ್ತಾ? ಇಮೇಲ್ ಅಥವಾ ಸೋಶಿಯಲ್ ಮೀಡಿಯಾ ಖಾತೆಯ ಲಾಗಿನ್. ಗಾಳಿಯಲ್ಲಿ ಹೋಗುವ ಡೇಟಾ ಕದಿಯುವ ದೊಡ್ಡ ವಿದ್ಯೆ ಏನೂ ಬೇಕಾಗಲಿಲ್ಲ. ಜನರೇ ಟೈಪ್ ಮಾಡಿ ಕೊಟ್ಟರು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಚುಚ್ಚಿದ್ದು "ಮೊದಲ ಸಲ ತಪ್ಪು ಅಂತ ಬಂತು" ಅನ್ನುವ ಮಾತು. ನಕಲಿ ಪುಟ ಮಾಡುವವರ ಹಳೇ ಚಾಳಿ ಅದು. ನೀವು ಹಾಕಿದ ಪಾಸ್‌ವರ್ಡ್ ಸರಿಯೋ ತಪ್ಪೋ ಅವನ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಗೂಗಲ್ ಮಾತ್ರ ಅದನ್ನು ಹೇಳಬಲ್ಲದು. ಅದಕ್ಕೇ ಅವನು ಏನೇ ಹಾಕಿದರೂ ಮೊದಲ ಸಲ ತಪ್ಪು ಅನ್ನುತ್ತಾನೆ. ಆಗ ನೀವು ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿ ಹಾಕ್ತೀರಿ. ಎರಡೂ ಒಂದೇ ಆಗಿದ್ದರೆ ಅವನಿಗೆ ಖಾತ್ರಿ ಆಯಿತು. ಕೆಲವರು ಎರಡನೇ ಸಲ ಬೇರೆ ಪಾಸ್‌ವರ್ಡ್ ಹಾಕ್ತಾರೆ, ಆಗ ಅವನಿಗೆ ಎರಡು ಸಿಕ್ಕಿತು, ಇನ್ನೂ ಲಾಭ. ಆಮೇಲೆ ನೆಟ್ ಬಿಡುತ್ತಾನೆ. ನೆಟ್ ಬಂತಲ್ಲ, ಎಲ್ಲ ಸರಿ ಇರಬೇಕು ಅಂತ ನಿಮಗೆ ಅನ್ನಿಸಬೇಕು ನೋಡಿ. ಅವನು ತನ್ನ ಸಿಮ್ಮಿನ ಡೇಟಾವನ್ನೇ ನಿಮಗೆ ಹಂಚುತ್ತಿರುತ್ತಾನೆ, ಅಷ್ಟೇ ಅವನ ಖರ್ಚು.

ಇದೇ ಚಾಳಿಯನ್ನು ಅವನ ಮೇಲೇ ತಿರುಗಿಸಬಹುದು. ಅನುಮಾನ ಬಂದ ಪುಟಕ್ಕೆ ಬೇಕೆಂದೇ ಸುಳ್ಳು ಐಡಿ, ಸುಳ್ಳು ಪಾಸ್‌ವರ್ಡ್ ಎರಡು ಸಲ ಹಾಕಿ. ಸುಳ್ಳನ್ನು ಒಪ್ಪಿಕೊಂಡು ನೆಟ್ ಕೊಟ್ಟಿತು ಅಂದರೆ ಆ ಪುಟ ಗೂಗಲ್ ಜೊತೆ ಮಾತಾಡುತ್ತಲೇ ಇಲ್ಲ, ಬರೀ ಬರೆದಿಟ್ಟುಕೊಳ್ಳುತ್ತಿದೆ. ಆದರೆ ಸುಳ್ಳನ್ನು ತಿರಸ್ಕರಿಸಿತು ಅಂತ ಅದು ಸಾಚಾ ಆಗುವುದಿಲ್ಲ. ನೀವು ಹಾಕಿದ್ದನ್ನು ಆ ಕ್ಷಣವೇ ನಿಜವಾದ ಗೂಗಲ್‌ನಲ್ಲಿ ಹಾಕಿ ನೋಡುವ ಚಾಲಾಕಿಗಳೂ ಇದ್ದಾರೆ. ಅಂಥವನಾಗಿದ್ದರೆ ನಿಮ್ಮ ಫೋನ್‌ಗೆ ಆ ಹೊತ್ತಿನಲ್ಲೇ "ಸೈನ್ ಇನ್ ಮಾಡ್ತಿರೋದು ನೀವೇನಾ" ಅಂತ ಗೂಗಲ್‌ನ ಸೂಚನೆ ಬಂದಿರಬಹುದು. ನೆನಪು ಮಾಡಿಕೊಳ್ಳಿ. ಬಂದಿತ್ತಾ, ವೈಫೈಗೆ ಇರಬೇಕು ಅಂತ ಹೌದು ಒತ್ತಿದಿರಾ? ಒತ್ತಿದ್ದರೆ ಮೇಲೆ ಹೇಳಿದ ಸಾಧನಗಳ ಪಟ್ಟಿಯನ್ನು ಇನ್ನೊಮ್ಮೆ ಕಣ್ಣಿಟ್ಟು ನೋಡಿ.

ಇನ್ನೊಂದು ಗುರುತು ಇದೆ. ಪೋರ್ಟಲ್ ತೆರೆಯುವ ಆ ಪುಟ್ಟ ಕಿಟಕಿ ನಿಮ್ಮ ಕ್ರೋಮ್ ಅಲ್ಲ. ಅದು ಫೋನಿನದೇ ಒಂದು ಬೇರೆ, ತಾತ್ಕಾಲಿಕ ಕಿಟಕಿ. ಇಂಥ ಬೇರೆ ಆ್ಯಪ್‌ಗಳ ಒಳಗಿನ ಕಿಟಕಿಯಲ್ಲಿ "ಗೂಗಲ್ ಮೂಲಕ ಸೈನ್ ಇನ್" ಮಾಡುವುದನ್ನು ಗೂಗಲ್ ತಾನೇ ಕೆಲವು ವರ್ಷದ ಹಿಂದೆ ನಿಲ್ಲಿಸಿದೆ, ಒಳಗೆ ಕೂತವರು ಪಾಸ್‌ವರ್ಡ್ ನೋಡಿಬಿಡಬಹುದು ಅಂತ. ಆದ್ದರಿಂದ ಲಾಗಿನ್ ಕಿಟಕಿಯಲ್ಲಿ ಗೂಗಲ್‌ನ ಬಣ್ಣ ಬಣ್ಣದ ಅಕ್ಷರ ಇಟ್ಟುಕೊಂಡು ಪಾಸ್‌ವರ್ಡ್ ಖಾನೆ ಬಂದರೆ ಅದನ್ನು ನಕಲಿ ಅಂತಲೇ ಇಟ್ಟುಕೊಳ್ಳಿ. ಮೇಲಿನ ವಿಳಾಸ ನೋಡಿ, ನಿಜವಾದ ಗೂಗಲ್ ಲಾಗಿನ್ accounts.google.com ನಲ್ಲಿ ಮಾತ್ರ ಇರುತ್ತದೆ. ಬರೀ ಬೀಗದ ಗುರುತು ನೋಡಿ ನಂಬಬೇಡಿ. ಕಳ್ಳನೂ ತನ್ನ ಸ್ವಂತ ವಿಳಾಸಕ್ಕೆ ಬೀಗ ಹಾಕಿಸಿಕೊಳ್ಳಬಹುದು, ಅದಕ್ಕೆ ದುಡ್ಡೂ ಬೇಕಾಗಿಲ್ಲ.

ಸ್ಟೇಷನ್ ವೈಫೈ ಸೇಫ್ ಅಂದೆ, ಆದರೆ ಅಲ್ಲಿಯೂ ಒಂದು ಜಾಗ ಜಾರುತ್ತದೆ. ಓಟಿಪಿ.

ನಮ್ಮ ದೇಶದಲ್ಲಿ ಕಂಪನಿಗಳು ಓಟಿಪಿ ಎಸ್ಸೆಮ್ಮೆಸ್ ಕಳಿಸಬೇಕಾದರೆ ಕಳಿಸುವವರ ಹೆಸರು, ಎಸ್ಸೆಮ್ಮೆಸ್‌ನ ಮಾದರಿ ಎರಡನ್ನೂ ಮೊದಲೇ ನೋಂದಣಿ ಮಾಡಿಸಬೇಕು. ಬ್ಯಾಗಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕೂತವನಿಗೆ ಅಷ್ಟು ಉಸಾಬರಿ ಎಲ್ಲಿಂದ? ಹಾಗಾಗಿ ಅವನು ಬೇರೆಯವರಿಂದ ಓಟಿಪಿ ಕಳಿಸಿಸುತ್ತಾನೆ. ನೀವು ಅವನ ಪುಟದಲ್ಲಿ ನಿಮ್ಮ ನಂಬರ್ ಹಾಕ್ತೀರಿ. ಅವನು ಆ ನಂಬರನ್ನು ತನ್ನ ಫೋನಿನ ವಾಟ್ಸಾಪ್‌ನಲ್ಲಿ ಹಾಕಿ ಹೊಸದಾಗಿ ನೋಂದಣಿಗೆ ಒತ್ತುತ್ತಾನೆ. ನಿಮ್ಮ ಫೋನ್‌ಗೆ ಆರು ಅಂಕಿ ಬರುತ್ತದೆ. ನೀವು ಕಾಯ್ತಾ ಇದ್ದದ್ದೂ ಆರು ಅಂಕಿಗೇ ಅಲ್ವಾ? ಟ್ರೈನ್ ಬರುವ ಹೊತ್ತು, ಒಂದು ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಕೀಬೋರ್ಡಿನ ಮೇಲೆ ಫೋನ್ ತಾನೇ ಆ ಅಂಕಿ ತೋರಿಸುತ್ತದೆ, ಒತ್ತಿ ಬಿಡ್ತೀರಿ. ಎಸ್ಸೆಮ್ಮೆಸ್ ತೆರೆದು ಓದುವುದೇ ಇಲ್ಲ. ಮುಂದಿನ ನಿಮಿಷಕ್ಕೆ ನಿಮ್ಮ ಫೋನಿನಲ್ಲಿ ವಾಟ್ಸಾಪ್ ಹೊರಗೆ ಹಾಕಿರುತ್ತದೆ, ಅವನ ಫೋನಿನಲ್ಲಿ ತೆರೆದಿರುತ್ತದೆ. ಆಮೇಲೆ ನಿಮ್ಮ ಹೆಸರಿನಲ್ಲಿ ನಿಮ್ಮ ಮಾಮಾಗೆ, ಅಕ್ಕನಿಗೆ, "ಅರ್ಜೆಂಟ್ ಐದು ಸಾವಿರ ಹಾಕ್ರಿ" ಅಂತ ಹೋಗುತ್ತದೆ.

ಕೀಬೋರ್ಡ್ ತೋರಿಸುವ ಅಂಕಿಯನ್ನು ಒತ್ತುವ ಬದಲು ಎಸ್ಸೆಮ್ಮೆಸ್ ತೆರೆದು ಓದಿ. ವೈಫೈ ಓಟಿಪಿಯಲ್ಲಿ ಆ ವೈಫೈ ಸೇವೆಯ ಹೆಸರು ಇರುತ್ತದೆ. ವಾಟ್ಸಾಪ್, ಟೆಲಿಗ್ರಾಮ್, ಬ್ಯಾಂಕ್, ಯಾವುದೋ ಶಾಪಿಂಗ್ ಆ್ಯಪ್ ಹೆಸರು ಕಂಡರೆ ಅಲ್ಲೇ ಕಿಟಕಿ ಮುಚ್ಚಿ ವೈಫೈ ಆಫ್ ಮಾಡಿ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆ ಅಂತ ಇದೆ, ಆರು ಅಂಕಿಯ ಒಂದು ಪಿನ್ ಇಟ್ಟರೆ ಓಟಿಪಿ ಕೈಬಿಟ್ಟು ಹೋದರೂ ಆ ಪಿನ್ ಇಲ್ಲದೆ ಖಾತೆ ತಕ್ಷಣಕ್ಕೆ ತೆರೆಯುವುದಿಲ್ಲ. ಇವತ್ತೇ ಇಟ್ಟುಬಿಡಿ, ಎರಡು ನಿಮಿಷದ ಕೆಲಸ.

ನಂಬರ್, ಓಟಿಪಿ ಬಿಟ್ಟು ಪೋರ್ಟಲ್ ಬೇರೆ ಏನಾದರೂ ಕೇಳಿತಾ? ಆ್ಯಪ್ ಇಳಿಸಿಕೊಳ್ಳಿ ಅಂತ ಎಪಿಕೆ ಕೊಟ್ಟರೆ ಬೇಡ. "ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ" ಅಂತ ಬಂದರಂತೂ ಕೈಮುಗಿದು ಎದ್ದು ಬನ್ನಿ. ಅದನ್ನು ಹಾಕಿಕೊಂಡರೆ ಬ್ರೌಸರ್ ಅವನನ್ನೇ ಗೂಗಲ್, ಅವನನ್ನೇ ಬ್ಯಾಂಕ್ ಅಂತ ನಂಬುತ್ತದೆ. "ಗುರುತಿಗಾಗಿ ಒಂದು ರೂಪಾಯಿ, ವಾಪಸ್ ಬರುತ್ತೆ" ಅಂತ ಕಾರ್ಡ್ ನಂಬರ್ ಕೇಳಿದರೂ ಅಷ್ಟೇ.

ಇನ್ನು ನಿಮ್ಮ ಕೊನೇ ಮಾತು, ಏನೇನು ಹೋಗಿರಬಹುದು ಅಂತ. ನೀವು ಟೈಪ್ ಮಾಡಿದ್ದನ್ನು ಬಿಟ್ಟು, ಆ ನೆಟ್‌ನಲ್ಲಿ ನೀವು ಓಡಾಡಿದ್ದು ಎಷ್ಟು ಕಾಣುತ್ತದೆ?

2010ರಲ್ಲಿ ಈ ಪ್ರಶ್ನೆ ಕೇಳಿದ್ದರೆ ನಾನೂ ಹೆದರಿಸುತ್ತಿದ್ದೆ. ಆ ವರ್ಷ ಫೈರ್‌ಶೀಪ್ ಅಂತ ಫೈರ್‌ಫಾಕ್ಸ್ ಬ್ರೌಸರ್‌ಗೆ ಸೇರಿಸುವ ಒಂದು ಪುಟ್ಟ ತುಣುಕು ಬಂತು. ಕೆಫೆಯಲ್ಲಿ ಕೂತು ಒಂದು ಬಟನ್ ಒತ್ತಿದರೆ ಅದೇ ವೈಫೈಯಲ್ಲಿ ಫೇಸ್‌ಬುಕ್ ತೆರೆದವರ ಹೆಸರು, ಫೋಟೋ ಸಾಲಾಗಿ ಬರುತ್ತಿತ್ತು. ಒಂದರ ಮೇಲೆ ಒತ್ತಿದರೆ ಅವರ ಖಾತೆಯೊಳಗೆ. ಪಾಸ್‌ವರ್ಡ್ ಕೂಡ ಬೇಡ. ಆಗ ಬಹಳ ಸೈಟುಗಳು ಲಾಗಿನ್ ಪುಟಕ್ಕೆ ಮಾತ್ರ https ಹಾಕಿ ಉಳಿದದ್ದನ್ನು ಬಯಲಲ್ಲೇ ಕಳಿಸುತ್ತಿದ್ದವು. ಅದನ್ನು ಬರೆದವರು ಸೈಟಿನವರಿಗೆ ನಾಚಿಕೆ ಬರಲಿ ಅಂತಲೇ ಹಾಗೆ ಮಾಡಿದ್ದರು, ನಾಚಿಕೆ ಬಂತು ಕೂಡ. ಈಗ ನೀವು ಬಳಸುವ ಬಹುತೇಕ ಎಲ್ಲವೂ ಪೂರ್ತಿ https. ವೈಫೈಗೆ ಪಾಸ್‌ವರ್ಡ್ ಇಲ್ಲದಿದ್ದರೂ ಒಳಗಿನ ಮಾತು ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ.

ಆದರೆ ಲಕೋಟೆಯ ಮೇಲಿನ ವಿಳಾಸ ಕಾಣುತ್ತದೆ. ನಾನು ಹಾಕಿದ ಪೆಟ್ಟಿಗೆಯಲ್ಲಿ ಹೀಗೆ ಸಾಲುಗಳು ಬೀಳುತ್ತವೆ:

```
query[A] web.whatsapp.com from 192.168.10.47
query[A] www.irctc.co.in from 192.168.10.47
```

ಇದರ ಅರ್ಥ, 47ನೇ ಫೋನ್ ವಾಟ್ಸಾಪ್ ವೆಬ್ ತೆರೆಯಿತು, ಆಮೇಲೆ ಟಿಕೆಟ್ ಸೈಟಿಗೆ ಹೋಯಿತು. ಯಾವ ಟ್ರೈನ್, ಯಾರಿಗೆ ಏನು ಬರೆದಿರಿ, ಅದು ನನಗೆ ಕಾಣುವುದಿಲ್ಲ. ಆದರೆ ಆ 47ನೇ ಫೋನ್ ಲಾಗಿನ್ ಆಗುವಾಗ ಕೊಟ್ಟ ಮೊಬೈಲ್ ನಂಬರ್ ಪಕ್ಕದ ಪಟ್ಟಿಯಲ್ಲಿ ಇದೆ, ಎಷ್ಟು ಹೊತ್ತಿಗೆ ಬಂದಿರಿ, ಎಷ್ಟು ಹೊತ್ತಿಗೆ ಹೋದಿರಿ ಇದೆ. ಎರಡನ್ನೂ ಜೋಡಿಸಿದರೆ ಇಂಥ ನಂಬರಿನವರು ರಾತ್ರಿ ಹನ್ನೊಂದಕ್ಕೆ ಇಂಥ ಆಸ್ಪತ್ರೆಯ ಸೈಟ್, ಇಂಥ ಸಾಲದ ಸೈಟ್ ನೋಡಿದರು ಅಂತ ಗೊತ್ತಾಗುತ್ತದೆ. ಸುಮ್ನೆ ಹೆಸರುಗಳೇ, ಆದರೆ ಹೆಸರುಗಳೂ ಎಷ್ಟೋ ಹೇಳುತ್ತವೆ. ಇದು ಕಾಣಬಾರದು ಅನ್ನಿಸಿದರೆ ಆಂಡ್ರಾಯ್ಡ್ 9 ಅಥವಾ ಅದರ ನಂತರದ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಸೆಟ್ಟಿಂಗ್ ಇದೆ, ಅಲ್ಲಿ dns.google ಅಂತ ಹಾಕಿ. ಈ ಸಾಲುಗಳು ಬೀಳುವುದು ನಿಲ್ಲುತ್ತದೆ. ಪೂರ್ತಿ ಮರೆಯಾಗುವುದಿಲ್ಲ, https ಶುರುವಾಗುವಾಗ ಸೈಟಿನ ಹೆಸರು ಇನ್ನೊಂದು ಕಡೆ ಬಯಲಾಗಿ ಹೋಗುತ್ತದೆ, ಆದರೆ ಅದನ್ನು ಹಿಡಿಯಲು ನನ್ನಂಥವನು ಬೇಕೆಂದೇ ಕೂತು ನೋಡಬೇಕು.

ಫೋನ್‌ಪೇ ಬಗ್ಗೆ ಯಾಕೆ ಧೈರ್ಯ ಹೇಳಿದೆ ಅಂದರೆ, ಯುಪಿಐ ಪಿನ್ ಹಾಕುವ ಆ ಖಾನೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಮಾಡಿಕೊಟ್ಟದ್ದು. ಪಿನ್ ನಿಮ್ಮ ಫೋನಿನಲ್ಲೇ ಗೂಢಲಿಪಿಯಾಗಿ ಆಮೇಲೆ ಹೊರಡುತ್ತದೆ, ಅದು ಫೋನ್‌ಪೇ ಕಂಪನಿಗೂ ಕಾಣುವುದಿಲ್ಲ, ವೈಫೈಯವನಿಗೆ ಎಲ್ಲಿ ಕಾಣಬೇಕು? ಜೊತೆಗೆ ಆ್ಯಪ್ ನಿಮ್ಮ ಸಿಮ್‌ಗೆ, ಫೋನ್‌ಗೆ ಕಟ್ಟಿಕೊಂಡಿದೆ. ಯುಪಿಐಯಲ್ಲಿ ದುಡ್ಡು ಹೋಗುವುದು ಸಾಮಾನ್ಯವಾಗಿ ನೀವೇ ಪಿನ್ ಒತ್ತಿದಾಗ.

ಬ್ರೌಸರ್‌ನಲ್ಲಿ ಬ್ಯಾಂಕ್ ತೆರೆದಾಗ "ಈ ಸಂಪರ್ಕ ಸುರಕ್ಷಿತ ಅಲ್ಲ" ಅಂತ ಕೆಂಪು ಎಚ್ಚರಿಕೆ ಬಂದರೆ ಮಾತ್ರ ನಿಲ್ಲಿ. ಪೋರ್ಟಲ್ ಲಾಗಿನ್ ಆಗುವ ಮೊದಲು ಅದು ಬರುವುದು ಸಾಮಾನ್ಯ, ಪೆಟ್ಟಿಗೆ ನಡುವೆ ತಡೆಯುತ್ತಿರುತ್ತದೆ ಅಲ್ವಾ. ಲಾಗಿನ್ ಆದ ಮೇಲೂ ಬಂದರೆ ಯಾರೋ ನಡುವೆ ಕೂತಿದ್ದಾರೆ. ಮುಂದುವರಿಸು ಅಂತ ಒತ್ತಬೇಡಿ.

ಕೆಲವರು ಕೇಳ್ತಾರೆ, ಕೆಫೆಯಲ್ಲಿ ಗೋಡೆ ಮೇಲೆ ಪಾಸ್‌ವರ್ಡ್ ಬರೆದಿದ್ದರೆ ಅದು ಸ್ಟೇಷನ್ನಿಗಿಂತ ಸೇಫ್ ಅಲ್ವಾ ಅಂತ. ಸ್ವಲ್ಪ ಮಟ್ಟಿಗೆ. ಹೊರಗಿನವರಿಗೆ ಗಾಳಿಯಲ್ಲಿ ಕೇಳಿಸುವುದಿಲ್ಲ. ಆದರೆ ಅದೇ ಗೋಡೆ ನೋಡಿದ ಒಳಗಿನವನು, ನಿಮ್ಮ ಫೋನ್ ಸೇರುವ ಆ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡರೆ ನಿಮ್ಮ ಡೇಟಾಕ್ಕೆ ವೈಫೈ ಹಾಕಿದ ಹೊರಪದರ ಬಿಚ್ಚಬಹುದು, ಈಗ ಜಾಸ್ತಿ ಕಡೆ ಇರುವ ಡಬ್ಲ್ಯುಪಿಎ2 ಅನ್ನುವ ವೈಫೈ ಬೀಗದಲ್ಲಿ. ಡಬ್ಲ್ಯುಪಿಎ3 ಬಂದರೆ ಅದು ಆಗುವುದಿಲ್ಲ. ಮತ್ತೆ, ಗೋಡೆ ಮೇಲಿನ ಪಾಸ್‌ವರ್ಡ್ ಗೊತ್ತಿರುವವನು ಅದೇ ಹೆಸರು, ಅದೇ ಪಾಸ್‌ವರ್ಡ್‌ನಲ್ಲಿ ಅವಳಿ ವೈಫೈಯನ್ನೂ ಎಬ್ಬಿಸಬಹುದು.

ನಿಮ್ಮ ನೆಟ್ ಓಡಾಟವನ್ನೆಲ್ಲ ಮುಚ್ಚಿ ಇನ್ನೊಂದು ಕಂಪನಿಯ ಮೂಲಕ ಕಳಿಸುವ ವಿಪಿಎನ್ ಬೇಕಾ? ದುಡ್ಡು ಕೊಟ್ಟ ಒಳ್ಳೆಯದಿದ್ದರೆ ಸೈಟಿನ ಹೆಸರುಗಳನ್ನೂ ಮುಚ್ಚುತ್ತದೆ. ಪುಕ್ಕಟೆ ವಿಪಿಎನ್ ಬೇಡ, ಕೆಫೆಯವನಿಗೆ ಕಾಣುತ್ತಿದ್ದದ್ದನ್ನು ಯಾವುದೋ ಊರಿನವನಿಗೆ ತೋರಿಸಿದ ಹಾಗೆ. ಮತ್ತೆ, ಪೋರ್ಟಲ್ ಲಾಗಿನ್ ಆಗುವವರೆಗೆ ವಿಪಿಎನ್ ಸೇರುವುದೇ ಇಲ್ಲ. ಅಂದರೆ ನಿಮ್ಮ ಪಾಸ್‌ವರ್ಡ್ ಹೋದ ಆ ಕ್ಷಣದಲ್ಲಿ ಅದು ಏನೂ ಮಾಡುತ್ತಿರಲಿಲ್ಲ.

ಇನ್ನು ನಿಮ್ಮಂತೆ ದಿನಾ ಓಡಾಡುವವರು ಮಾಡಬೇಕಾದ ಒಂದೇ ಒಂದು ಸೆಟ್ಟಿಂಗ್ ಹೇಳು ಅಂದರೆ, ಆಟೋ ಕನೆಕ್ಟ್ ತೆಗೆಯಿರಿ ಅಂತೀನಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಸೇವ್ ಆದ ನೆಟ್‌ವರ್ಕ್‌ಗಳ ಪಟ್ಟಿ ತೆರೆಯಿರಿ. ಸ್ಟೇಷನ್, ಕೆಫೆ, ಲಾಡ್ಜ್, ಮದುವೆ ಮನೆ, ಎಲ್ಲ ಇರುತ್ತವೆ. ಸ್ಟೇಷನ್ನಿನದ್ದರಲ್ಲಿ ಆಟೋ ಕನೆಕ್ಟ್ ಆಫ್ ಮಾಡಿ, ಉಳಿದದ್ದನ್ನು ಫರ್ಗೆಟ್ ಮಾಡಿ. ಇಲ್ಲದಿದ್ದರೆ ಫೋನ್ ಜೇಬಿನಲ್ಲೇ ಇದ್ದಾಗ, ಅದೇ ಹೆಸರಿನ ಯಾವ ಪೆಟ್ಟಿಗೆ ಹತ್ತಿರ ಬಂದರೂ ಸೇರಿಕೊಳ್ಳುತ್ತದೆ. ಇದೇ ಕಡೆ ರ್‍ಯಾಂಡಮ್ ಮ್ಯಾಕ್ ಅಂತ ಒಂದು ಆಯ್ಕೆ ಕಾಣುತ್ತದೆ, ಆಂಡ್ರಾಯ್ಡ್ 10ರಿಂದ ಇದೆ. ಅದು ಆನ್ ಇರಲಿ, ನಿಮ್ಮ ಫೋನಿನ ನಿಜವಾದ ಗುರುತು ಸಂಖ್ಯೆ ಪ್ರತಿ ಕೆಫೆಗೂ ಸಿಗುವುದು ತಪ್ಪುತ್ತದೆ.

ಮುಂದಿನ ಸಲ ಆ ಕೆಫೆಗೆ ಹೋದಾಗ ಗಲ್ಲಾದಲ್ಲಿ ಕೂತವರನ್ನು ಕೇಳಿ, "ಅಣ್ಣಾರ, ನಿಮ್ಮ ವೈಫೈ ಹೆಸರೇನ್ರಿ, ಏನೇನು ಕೇಳ್ತೈತ್ರಿ?" ಅಂತ. ನಮ್ಮದಕ್ಕೆ ಬರೀ ಪಾಸ್‌ವರ್ಡ್, ಜಿಮೇಲ್ ಗಿಮೇಲ್ ಏನೂ ಕೇಳಲ್ಲ ಅಂದರೆ, ಮೇಲೆ ಹೇಳಿದ ಮೂರನೇ ಸಾಧ್ಯತೆ ಖಾತ್ರಿ ಆಯಿತು ಅಂತಲೇ ಲೆಕ್ಕ. ಆಗ ಅವರಿಗೂ ತಿಳಿಸಿ. ನಿಮ್ಮ ಖಾತೆಯಲ್ಲಿ ಗೊತ್ತಿಲ್ಲದ ಸಾಧನ ಕಂಡಿದ್ದರೆ ಆಗ ತೆಗೆದಿಟ್ಟ ಸ್ಕ್ರೀನ್‌ಶಾಟ್ ಸಮೇತ cybercrime.gov.in ನಲ್ಲಿ ದೂರು ಹಾಕಿ, ಅಥವಾ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಆಗುವುದು ಬೇಗ ಹೇಳಿದಾಗ ಮಾತ್ರ.